ಸಿಟ್ಟಲ್ಲಿ ಬರೆದ ಕಂಪ್ಲೇಂಟನ್ನು ತಿದ್ದಿ ಕಳಿಸೋದು ಹೇಗೆ: ಮೇಲಿನ ಮನೆ ಅಕ್ಕನ ಫ್ರಿಜ್ ವಿಷಯ

ನಾನು ಮಂಗಳೂರಲ್ಲಿ ಒಂದು ಸರ್ವಿಸ್ ಸೆಂಟರಿನ ಕಂಪ್ಲೇಂಟ್ ಡೆಸ್ಕಲ್ಲಿ ಐದು ವರ್ಷ ಕೂತಿದ್ದೆ, ಈಗ ಉಡುಪಿಯಲ್ಲಿದ್ದೇನೆ. ದಿನಕ್ಕೆ ಬರುವ ಮೇಲ್‌ಗಳಲ್ಲಿ ಅರ್ಧಕ್ಕರ್ಧ ಬೈಗುಳವೇ ಇರ್ತಿತ್ತು. ಬೈದವರಲ್ಲಿ ಹೆಚ್ಚಿನವರ ಹತ್ರ ನಿಜವಾದ ದೂರು ಇತ್ತು, ಆದ್ರೆ ಅದು ಮೇಲ್‌ನಲ್ಲಿ ಎಲ್ಲಿ ಉಂಟು ಅಂತ ಹುಡುಕಿ ತೆಗೀಬೇಕಿತ್ತು, ಹುಡುಕುವಷ್ಟು ಟೈಮ್ ಯಾರಿಗೂ ಇರ್ತಿರ್ಲಿಲ್ಲ. ಹಾಗಾಗಿ ಮೊನ್ನೆ ಜುಲೈಯಲ್ಲಿ ನಮ್ಮ ಮೇಲಿನ ಮನೆಯ ಅಕ್ಕ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡ್ಕೊಂಡು ಕೆಳಗೆ ಬಂದು "ಇದನ್ನೊಂದು ಓದು ಮಾರಾಯ್ತಿ, ಈಗಲೇ ಕಳಿಸ್ತೇನೆ" ಅಂದಾಗ ನಾನು ಮೊದಲು ಹೇಳಿದ್ದು ಕಳಿಸ್ಬೇಡಿ ಅಂತ. ಆಮೇಲೆ ನಾವಿಬ್ರೂ ಕೂತು ಅದನ್ನು ಹೇಗೆ ತಿದ್ದಿದ್ವಿ ಅನ್ನೋದನ್ನೇ ಇಲ್ಲಿ ಹಂತಹಂತವಾಗಿ ಬರೀತಿದ್ದೇನೆ, ಅಕ್ಕನನ್ನು ಕೇಳಿಯೇ ಬರೀತಿರೋದು. ಅಂಗಡಿ ಯಾವುದು ಕಂಪನಿ ಯಾವುದು ಅಂತ ಹೇಳೋದಿಲ್ಲ.

ಅಕ್ಕ ಬರೆದದ್ದು ಹೀಗಿತ್ತು:

"ಎಂತದ್ದು ನಿಮ್ದು ಅಂಗಡಿಯಾ ಮೋಸದ ಕೂಟವಾ? ಎರಡು ತಿಂಗಳಿಂದ ಫ್ರಿಜ್ ಹಾಳಾಗಿ ಬಿದ್ದಿದೆ. ನೂರು ಸಲ ಕಾಲ್ ಮಾಡಿದ್ದೇನೆ ಒಬ್ರೂ ಎತ್ತೋದಿಲ್ಲ. ನಿಮ್ಮ ಮೆಕ್ಯಾನಿಕ್ ಕಳ್ಳ, ಗ್ಯಾಸ್ ತುಂಬಿಸ್ತೇನೆ ಅಂತ ದುಡ್ಡು ಹೊಡ್ದ. ಬೇಕಂತಲೇ ಹಳೇ ಪೀಸ್ ಕೊಟ್ಟಿದ್ದೀರಿ. ಫ್ರಿಜ್ ತಂದ ಹುಡುಗರು ಗೋಡೆ ಪೈಂಟ್ ಕೂಡ ಕಿತ್ತು ಹೋದ್ರು. ನಿಮ್ಮ ಮನೇಲಿ ವಯಸ್ಸಾದವರಿದ್ರೆ ಗೊತ್ತಾಗ್ತಿತ್ತು. ನಾಳೆಯೊಳಗೆ ಸರಿ ಮಾಡ್ದಿದ್ರೆ ಊರಿಡೀ ಹೇಳಿ ಅಂಗಡಿ ಮುಚ್ಚಿಸ್ತೇನೆ ನೋಡಿ!!!!"

ಇದರಲ್ಲಿ ಅಕ್ಕನ ತಪ್ಪೇನೂ ಇಲ್ಲ, ನಾನಾಗಿದ್ರೂ ಹೀಗೇ ಬರೀತಿದ್ದೆ. ಸಿಟ್ಟಲ್ಲಿ ಬರೆದ ಮೊದಲ ಕರಡು ಬೇಕು ಕೂಡ, ಯಾಕಂದ್ರೆ ತಣ್ಣಗೆ ಕೂತು ನೆನಪು ಮಾಡಿದ್ರೆ ಬಾರದ ವಿಷಯಗಳೆಲ್ಲ ಅದರಲ್ಲಿ ಬಂದುಬಿಡ್ತವೆ. ಆದ್ರೆ ಅದನ್ನು ಮೇಲ್‌ನಲ್ಲಾಗಲೀ ವಾಟ್ಸಾಪ್‌ನಲ್ಲಾಗಲೀ ಟೈಪ್ ಮಾಡ್ಬೇಡಿ, ಮೊಬೈಲಿನ ನೋಟ್ಸಲ್ಲೋ ಕಾಗದದಲ್ಲೋ ಬರೀರಿ. ಬೆರಳು ತಾಗಿ ಹೋಗಿಬಿಟ್ರೆ ವಾಪಸ್ ತೆಗೆದ್ರೂ ಅವರು ಸ್ಕ್ರೀನ್‌ಶಾಟ್ ಹೊಡೆದಿರ್ತಾರೆ.

ಮೊದಲ ಕೆಲಸ: ಒಂದೊಂದು ವಾಕ್ಯಕ್ಕೂ ಸಾಕ್ಷಿ ಕೇಳೋದು

ಮರುದಿನ ಬೆಳಿಗ್ಗೆ ಚಾ ಕುಡಿದು ಕೂತ್ವಿ. ಪ್ರತಿ ವಾಕ್ಯ ಓದಿ ನಾನು ಕೇಳಿದ್ದು ಒಂದೇ ಪ್ರಶ್ನೆ, "ಅಕ್ಕ ಇದಕ್ಕೆ ತೋರಿಸ್ಲಿಕ್ಕೆ ಎಂತ ಉಂಟು?"

"ಎರಡು ತಿಂಗಳಿಂದ" ಅನ್ನೋದಕ್ಕೆ ಎಸ್ಸೆಮ್ಮೆಸ್ ತೆಗೆದು ನೋಡಿದ್ವಿ. ಮೊದಲ ಕಂಪ್ಲೇಂಟ್ ಬುಕ್ ಆದದ್ದು ಜೂನ್ 2ಕ್ಕೆ. ಅವತ್ತು ಜುಲೈ 4, ಅಂದ್ರೆ ಒಂದು ತಿಂಗಳು ಮತ್ತು ಎರಡು ದಿನ. "ನೂರು ಸಲ" ಅನ್ನೋದಕ್ಕೆ ಕಾಲ್ ಲಾಗ್ ನೋಡಿದ್ರೆ ಅಂಗಡಿಗೂ ಕಸ್ಟಮರ್ ಕೇರ್‌ಗೂ ಸೇರಿ 14 ಕಾಲ್, ಅದರಲ್ಲಿ ಒಂಬತ್ತು ಎತ್ತಿದ್ದಾರೆ. ಅಕ್ಕನಿಗೆ ಇದು ನೋಡಿ ಬೇಜಾರಾಯ್ತು, "ಅಷ್ಟೇಯಾ" ಅಂದ್ರು. ಆದ್ರೆ 14 ಕಾಲ್ ಅಂತ ಬರೆದ್ರೆ ಆ ಕಡೆಯವ ತನ್ನ ಸಿಸ್ಟಮಲ್ಲಿ ನೋಡ್ತಾನೆ, ಅಲ್ಲೂ ಅಷ್ಟೇ ಕಾಣ್ತದೆ, ಅಲ್ಲಿಂದ ಮುಂದೆ ನೀವು ಬರೆದದ್ದೆಲ್ಲ ಅವನು ನಂಬ್ತಾನೆ. ನೂರು ಅಂತ ಬರೆದ್ರೆ ಉತ್ತರ ಏನು ಬರ್ತದೆ ಅಂತ ನನಗೆ ಗೊತ್ತುಂಟು, ಯಾಕಂದ್ರೆ ಅಂಥ ಉತ್ತರಗಳನ್ನು ನಾನೇ ಬರೆದಿದ್ದೇನೆ: "ನಮ್ಮ ದಾಖಲೆ ಪ್ರಕಾರ ನಿಮ್ಮಿಂದ ಅಷ್ಟು ಕರೆಗಳು ಬಂದಿರುವುದಿಲ್ಲ." ಅಲ್ಲಿಗೆ ಫ್ರಿಜ್ ವಿಷಯ ಬಿಟ್ಟು ಕಾಲ್ ಎಷ್ಟು ಅನ್ನೋ ಜಗಳ ಶುರು. ಒಂದು ತಪ್ಪು ನಂಬರ್ ಕೊಟ್ರೆ ಅವರು ಅದೊಂದಕ್ಕೇ ಉತ್ತರ ಕೊಟ್ಟು ಫೈಲ್ ಮುಚ್ತಾರೆ.

ಕಾಲ್ ಲಾಗ್ ಸ್ಕ್ರೀನ್‌ಶಾಟ್ ತೊಂದರೆ ಶುರುವಾದ ವಾರದಲ್ಲೇ ತೆಗೆದಿಡಿ, ಎಷ್ಟೋ ಫೋನಲ್ಲಿ ಹಳೇದು ತನ್ನಷ್ಟಕ್ಕೆ ಅಳಿಸಿ ಹೋಗ್ತದೆ.

ಎರಡನೇದು: ಬೈಗುಳದ ಹಿಂದೆ ನಡೆದದ್ದು ಏನು ಅಂತ ಅಗೆಯೋದು

ಹೆಚ್ಚಿನವರು ಇಲ್ಲಿ ಬೈಗುಳವನ್ನು ಅಳಿಸಿ ಬಿಟ್ಟುಬಿಡ್ತಾರೆ, ಆಗ ಪತ್ರ ಸಪ್ಪೆ ಆಗ್ತದೆ. ಅಳಿಸುವ ಮೊದಲು ಆ ಶಬ್ದ ಯಾಕೆ ಬಂತು ಅಂತ ಕೇಳ್ಬೇಕು, ಅದರ ಅಡಿಯಲ್ಲಿ ಯಾವುದಾದ್ರೂ ಒಂದು ಘಟನೆ ಇದ್ದೇ ಇರ್ತದೆ.

"ಮೆಕ್ಯಾನಿಕ್ ಕಳ್ಳ" ಅನ್ನೋದನ್ನೇ ತಗೊಳ್ಳಿ. ಅಕ್ಕನನ್ನು ಕೇಳಿದೆ, ಅವ ಬಂದ ದಿನ ಎಂತ ಆಯ್ತು? ಜೂನ್ 5ಕ್ಕೆ ಬಂದ, ಗ್ಯಾಸ್ ಲೀಕ್ ಅಂದ, ಗ್ಯಾಸ್ ತುಂಬಿಸಿದ, 2,800 ರೂಪಾಯಿ ಕೇಳಿದ. ಫ್ರಿಜ್ ತಗೊಂಡದ್ದು ಫೆಬ್ರವರಿ 14ಕ್ಕೆ, ವಾರಂಟಿ ಕಾರ್ಡಲ್ಲಿ ಒಂದು ವರ್ಷ ಅಂತ ಉಂಟು, ಮತ್ತೆ ದುಡ್ಡು ಯಾಕೆ ಅಂತ ಕೇಳಿದ್ದಕ್ಕೆ ಗ್ಯಾಸ್ ವಾರಂಟಿಗೆ ಬರೋದಿಲ್ಲ ಅಂದ. ಬಿಲ್ ಕೊಟ್ಟನಾ? ಇಲ್ಲ. ದುಡ್ಡು ಹೇಗೆ ಕೊಟ್ಟದ್ದು? ಯುಪಿಐ. ತೆಗೆದು ನೋಡಿದ್ರೆ ಹಣ ಹೋದದ್ದು ಕಂಪನಿ ಅಕೌಂಟಿಗೆ ಅಲ್ಲ, ಅವನ ಸ್ವಂತ ನಂಬರಿಗೆ. ಈಗ ನೋಡಿ, "ವಾರಂಟಿ ಇರುವಾಗ 2,800 ರೂಪಾಯಿ ಕೇಳಿ ತಮ್ಮ ವೈಯಕ್ತಿಕ ಯುಪಿಐ ನಂಬರಿಗೆ ಹಾಕಿಸಿಕೊಂಡರು, ಬಿಲ್ ಕೊಟ್ಟಿಲ್ಲ" ಅನ್ನೋ ವಾಕ್ಯ ಕಳ್ಳ ಅನ್ನೋ ಶಬ್ದಕ್ಕಿಂತ ಎಷ್ಟು ಗಟ್ಟಿ ಉಂಟು. ಕಳ್ಳ ಅಂದ್ರೆ ಕಸ್ಟಮರ್ ಕೇರಿನವ "ಗ್ರಾಹಕರು ಸಿಟ್ಟಲ್ಲಿದ್ದಾರೆ" ಅಂತ ನೋಟ್ ಹಾಕ್ತಾನೆ. ಈ ವಾಕ್ಯ ಓದಿದ್ರೆ ಅದನ್ನು ಮೇಲಿನವರಿಗೆ ಕಳಿಸದೆ ಅವನಿಗೆ ಬೇರೆ ದಾರಿ ಇಲ್ಲ.

ಮತ್ತೊಂದು ವಿಷಯ, ಕಳ್ಳ ಮೋಸಗಾರ ಅಂತ ನಾಲ್ಕು ಜನ ಓದುವ ಜಾಗದಲ್ಲಿ ಬರೆದ್ರೆ ಅವರು ಮಾನಹಾನಿ ಅಂತ ತಿರುಗಿ ಬೀಳ್ಬಹುದು, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅದಕ್ಕೇ ಇರೋದು. ನಡೆದದ್ದನ್ನು ನಡೆದ ಹಾಗೆ ಬರೆದು ಕೈಯಲ್ಲಿ ದಾಖಲೆ ಇಟ್ಕೊಂಡವರಿಗೆ ಆ ಹೆದರಿಕೆ ಕಡಿಮೆ.

"ಬೇಕಂತಲೇ ಹಳೇ ಪೀಸ್ ಕೊಟ್ಟಿದ್ದೀರಿ" ಅನ್ನೋದರ ಅಡಿಯಲ್ಲಿ ಮಾತ್ರ ಏನೂ ಸಿಗ್ಲಿಲ್ಲ. ಅದು ಬರೀ ಊಹೆ. ಬೇರೆಯವರ ಮನಸ್ಸಲ್ಲಿ ಏನಿತ್ತು ಅನ್ನೋದಕ್ಕೆ ನಮ್ಮ ಹತ್ರ ಸಾಕ್ಷಿ ಇರೋದಿಲ್ಲ, ಹಾಗಾಗಿ ತೆಗೆದ್ವಿ. ಗೋಡೆ ಪೈಂಟ್ ಹೋದದ್ದು ನಿಜ, ಆದ್ರೆ ಅದನ್ನೂ ತೆಗೆದ್ವಿ, ಯಾಕಂದ್ರೆ ಒಂದು ಪತ್ರದಲ್ಲಿ ಎರಡು ದೂರು ಇದ್ರೆ ಅವರು ಸುಲಭದ್ದಕ್ಕೆ ಮಾತ್ರ ಸಾರಿ ಹೇಳಿ ಮುಗಿಸ್ತಾರೆ.

ಇನ್ನು "ನಿಮ್ಮ ಮನೇಲಿ ವಯಸ್ಸಾದವರಿದ್ರೆ ಗೊತ್ತಾಗ್ತಿತ್ತು" ಅನ್ನೋದು. ಓದಿದ್ರೆ ಶಾಪ ಹಾಕಿದ ಹಾಗೆ ಕೇಳ್ತದೆ. ಆದ್ರೆ ಅಕ್ಕನ ಅತ್ತೆಗೆ ಎಂಬತ್ತು ದಾಟಿದೆ, ದಿನಾ ಇನ್ಸುಲಿನ್ ತಗೊಳ್ಳೋದು, ತೆರೆಯದ ಇನ್ಸುಲಿನನ್ನು 2ರಿಂದ 8 ಡಿಗ್ರಿಯಲ್ಲಿ ಇಡ್ಬೇಕು, ಮೇಲಿನ ಫ್ರಿಜ್ ಕೆಟ್ಟ ಮೇಲೆ ಆ ಡಬ್ಬಿ ನಮ್ಮ ಫ್ರಿಜ್ಜಿನ ಬಾಗಿಲ ಹತ್ರದ ತಟ್ಟೆಯಲ್ಲಿ ಇತ್ತು, ಬೇಕಾದಾಗೆಲ್ಲ ಅಕ್ಕ ಮಳೆಗೆ ಸೆರಗು ತಲೆಗೆ ಹಾಕ್ಕೊಂಡು ಹೊರಗಿನ ಮೆಟ್ಟಿಲು ಇಳಿದು ಬರ್ತಿದ್ರು. ಇಡೀ ಕರಡಿನಲ್ಲಿ ಇನ್ಸುಲಿನ್ ಅನ್ನೋ ಶಬ್ದವೇ ಇರ್ಲಿಲ್ಲ! ಎಲ್ಲಕ್ಕಿಂತ ತೂಕದ ವಿಷಯ ಶಾಪದ ಒಳಗೆ ಮುಚ್ಚಿ ಹೋಗಿತ್ತು. ನಿಮ್ಮ ಕರಡಿನಲ್ಲಿ ಅತಿ ಕೆಟ್ಟದಾಗಿ ಬೈದ ವಾಕ್ಯ ಯಾವುದೋ ಅಲ್ಲೇ ಮೊದಲು ಅಗೆದು ನೋಡಿ.

ಮೂರನೇದು: ತೊಂದರೆ ಹೇಳಿ, ಕಾರಣ ಹೇಳ್ಬೇಡಿ

ಅಕ್ಕ "ಗ್ಯಾಸ್ ಲೀಕ್ ಆಗ್ತಿದೆ, ಕಂಪ್ರೆಸರ್ ಹೋಗಿದೆ" ಅಂತ ಬರೀಲಿಕ್ಕೆ ಹೊರಟಿದ್ರು. ನಮಗೆ ಕಾಣುವುದು ಏನು ಅಂದ್ರೆ ಮೇಲೆ ಫ್ರೀಜರಲ್ಲಿ ಐಸ್ ಸರಿಯಾಗಿ ಕಟ್ತದೆ, ಕೆಳಗೆ ಇಟ್ಟ ಹಾಲು ಒಡೀತದೆ, ರಾತ್ರಿ ಇಟ್ಟ ದೋಸೆ ಹಿಟ್ಟು ಬೆಳಿಗ್ಗೆಗೆ ಹುಳಿ ಬಂದು ಉಕ್ಕಿರ್ತದೆ. ಅಷ್ಟೇ ಬರೀರಿ ಅಂದೆ. ಕಾರಣ ನಾವು ಬರೆದು ಅದು ತಪ್ಪಾದ್ರೆ ಟೆಕ್ನಿಷಿಯನ್ ಬಂದು "ಕಂಪ್ರೆಸರ್ ಸರಿಯಾಗಿದೆ" ಅಂತ ಬರೆದು ಹೋಗ್ತಾನೆ, ಅದು ಸುಳ್ಳೂ ಅಲ್ಲ. ಲಕ್ಷಣ ಬರೆದ್ರೆ ಆ ಲಕ್ಷಣ ಹೋಗುವವರೆಗೆ ಕಂಪ್ಲೇಂಟ್ ಮುಗಿದ ಹಾಗೆ ಆಗೋದಿಲ್ಲ.

ಇಲ್ಲೇ ಒಟಿಪಿ ವಿಷಯವೂ ಹೇಳ್ಬೇಕು. ರಿಪೇರಿ ಆದ ಮೇಲೆ ಟೆಕ್ನಿಷಿಯನ್ ನಿಮ್ಮ ಮೊಬೈಲಿಗೆ ಬಂದ ಒಂದು ನಂಬರ್ ಕೇಳ್ತಾನಲ್ಲ, ಅದನ್ನು ಕೊಟ್ರೆ ಸಿಸ್ಟಮಲ್ಲಿ "ಸಮಸ್ಯೆ ಪರಿಹಾರ ಆಗಿದೆ, ಗ್ರಾಹಕರು ಒಪ್ಪಿದ್ದಾರೆ" ಅಂತ ಬೀಳ್ತದೆ. ಅಕ್ಕ ಜೂನ್ 5ಕ್ಕೆ ಕೊಟ್ಟುಬಿಟ್ಟಿದ್ರು. ಹಾಗಾಗಿ ಪತ್ರ ಓದುವವನ ಕಣ್ಣಿಗೆ ಮೊದಲ ಕಂಪ್ಲೇಂಟ್ ಮುಗಿದಿದೆ ಅಂತಲೇ ಕಾಣೋದು. ಅದನ್ನು ನಾವೇ ಮೊದಲು ಹೇಳಿಬಿಡೋದು ಒಳ್ಳೇದು, ಮುಗಿದಿದೆ ಅಂತ ನಮೂದಾಗಿದೆ, ಆದ್ರೆ ಹದಿಮೂರನೇ ದಿನ ಅದೇ ತೊಂದರೆ ವಾಪಸ್ ಬಂತು ಅಂತ.

ನಾಲ್ಕನೇದು: ಬೇಕಾದ್ದು ಏನು, ಯಾವಾಗ, ಇಲ್ಲದಿದ್ರೆ ಏನು

ಅಕ್ಕನ ಕರಡಿನಲ್ಲಿ "ಸರಿ ಮಾಡಿ" ಬಿಟ್ರೆ ಏನು ಬೇಕು ಅಂತಲೇ ಇಲ್ಲ. ಎರಡೇ ಕೇಳೋಣ ಅಂತ ಮಾಡಿದ್ವಿ, ಖರ್ಚಿಲ್ಲದೆ ರಿಪೇರಿ, ಮತ್ತೆ 2,800 ವಾಪಸ್. ಹೊಸ ಫ್ರಿಜ್ಜೇ ಬೇಕು, ಮಾನಸಿಕ ಹಿಂಸೆಗೆ ಒಂದು ಲಕ್ಷ ಬೇಕು ಅಂತೆಲ್ಲ ಮೊದಲ ಪತ್ರದಲ್ಲೇ ಬರೆದ್ರೆ ಡೆಸ್ಕಲ್ಲಿ ಕೂತವನಿಗೆ ಅದನ್ನು ಕೊಡುವ ಅಧಿಕಾರ ಇಲ್ಲ, ಫೈಲ್ ಲೀಗಲ್ ವಿಭಾಗಕ್ಕೆ ಹೋಗಿ ತಿಂಗಳುಗಟ್ಟಲೆ ಕೂರ್ತದೆ. ಅವನ ಕೈಯಲ್ಲಿ ಆಗುವುದನ್ನು ಕೇಳಿದ್ರೆ ಬೇಗ ಆಗ್ತದೆ.

ಗಡುವು "ನಾಳೆಯೊಳಗೆ" ಅಂತ ಇಟ್ರೆ ನಾಳೆ ಕಳೀತದೆ, ಏನೂ ಆಗೋದಿಲ್ಲ, ನಾಡಿದ್ದಿಂದ ನಿಮ್ಮ ಮಾತಿಗೆ ಬೆಲೆ ಇರೋದಿಲ್ಲ. ಪಾರ್ಟ್ ಬೆಂಗಳೂರಿಂದ ಬರ್ಬೇಕು ಅಂತ ಎರಡನೇ ಟೆಕ್ನಿಷಿಯನ್ನೇ ಹೇಳಿದ್ದ, ಹಾಗಾಗಿ ಹತ್ತು ದಿನ ಕೊಟ್ವಿ, ಜುಲೈ 14 ಅಂತ ತಾರೀಕೇ ಬರೆದ್ವಿ. "ಆದಷ್ಟು ಬೇಗ" ಅಂತ ಯಾವತ್ತೂ ಬರೀಬೇಡಿ, ಅದಕ್ಕೆ ಕೊನೆಯೇ ಇಲ್ಲ.

ಬೆದರಿಕೆ ಜಾಗದಲ್ಲಿ ನಾವು ನಿಜವಾಗಿ ಇಡುವ ಮುಂದಿನ ಹೆಜ್ಜೆ ಬರೀಬೇಕು. ಅಂಗಡಿ ಮುಚ್ಚಿಸ್ಲಿಕ್ಕೆ ಅಕ್ಕನಿಂದ ಆಗೋದಿಲ್ಲ, ಅದು ಅವರಿಗೂ ಗೊತ್ತು. ಆದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕಾಲ್ ಮಾಡ್ಲಿಕ್ಕೆ ಆಗ್ತದೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ಲಿಕ್ಕೂ ಆಗ್ತದೆ. 2019ರ ಕಾಯ್ದೆ ಬಂದ ಮೇಲೆ ನಾವು ಇರುವ ಜಿಲ್ಲೆಯಲ್ಲೇ ದೂರು ಹಾಕ್ಬಹುದು, ಕಂಪನಿ ಎಲ್ಲಿದ್ರೂ ಸರಿ. ಕೊಟ್ಟ ಹಣ ಐದು ಲಕ್ಷದೊಳಗೆ ಇದ್ರೆ ಫೀಸ್ ಇಲ್ಲ, ತೊಂದರೆ ಆದ ಎರಡು ವರ್ಷದೊಳಗೆ ಹಾಕ್ಬೇಕು, ಆನ್‌ಲೈನಲ್ಲಿ e-jagriti.gov.in ಮೂಲಕವೂ ಆಗ್ತದೆ. ಇದನ್ನೆಲ್ಲ ಪತ್ರದಲ್ಲಿ ಬಿಡಿಸಿ ಬರೆಯೋದು ಬೇಡ, ಒಂದು ಸಾಲು ಸಾಕು.

ತಿದ್ದಿದ ಪತ್ರ

ಅಂಗಡಿಗೂ ಕಂಪನಿಗೂ ಒಟ್ಟಿಗೇ ಕಳಿಸಿದ್ವಿ. ಬಿಲ್ ಅಂಗಡಿಯದ್ದು, ವಾರಂಟಿ ಕಂಪನಿಯದ್ದು, ಒಬ್ಬರಿಗೆ ಮಾತ್ರ ಕಳಿಸಿದ್ರೆ ಇನ್ನೊಬ್ಬರ ಕಡೆ ಬೆರಳು ತೋರಿಸ್ತಾರೆ. ಕಂಪನಿಗೆ ಇದನ್ನೇ ಇಂಗ್ಲಿಷಿಗೆ ಮಾಡಿ ಕೆಳಗೆ ಸೇರಿಸಿದ್ವಿ.

ವಿಷಯ: ವಾರಂಟಿಯಲ್ಲಿರುವ ಫ್ರಿಜ್ ಜೂನ್ 18ರಿಂದ ತಣ್ಣಗಾಗುತ್ತಿಲ್ಲ. ಜುಲೈ 14ರೊಳಗೆ ರಿಪೇರಿ ಮತ್ತು ರೂ. 2,800 ವಾಪಸ್ ಬೇಕು

"ಫೆಬ್ರವರಿ 14ರಂದು ನಿಮ್ಮ ಅಂಗಡಿಯಲ್ಲಿ ಖರೀದಿಸಿದ ಫ್ರಿಜ್‌ನ ಕೆಳಗಿನ ಭಾಗ ಜೂನ್ 18ರಿಂದ ತಣ್ಣಗಾಗುತ್ತಿಲ್ಲ. ಜುಲೈ 14ರೊಳಗೆ ಇದನ್ನು ವಾರಂಟಿಯಲ್ಲಿ ರಿಪೇರಿ ಮಾಡಿಕೊಡಬೇಕು ಮತ್ತು ನನ್ನಿಂದ ಪಡೆದ ರೂ. 2,800 ಹಿಂದಿರುಗಿಸಬೇಕು.

ಜೂನ್ 2: ಮೊದಲ ದೂರು ದಾಖಲಿಸಿದೆ. ಫ್ರೀಜರ್‌ನಲ್ಲಿ ಐಸ್ ಕಟ್ಟುತ್ತಿತ್ತು, ಕೆಳಗಿನ ಭಾಗದಲ್ಲಿ ಹಾಲು ಒಡೆಯುತ್ತಿತ್ತು.
ಜೂನ್ 5: ಟೆಕ್ನಿಷಿಯನ್ ಬಂದು ಗ್ಯಾಸ್ ತುಂಬಿಸಿದರು. ವಾರಂಟಿ ಇದ್ದರೂ ರೂ. 2,800 ಕೇಳಿ ತಮ್ಮ ವೈಯಕ್ತಿಕ ಯುಪಿಐ ನಂಬರಿಗೆ ಹಾಕಿಸಿಕೊಂಡರು. ಬಿಲ್ ಕೊಟ್ಟಿಲ್ಲ. ಅಂದು ಒಟಿಪಿ ಪಡೆದು ದೂರನ್ನು ಮುಗಿದಿದೆ ಎಂದು ದಾಖಲಿಸಿದ್ದಾರೆ.
ಜೂನ್ 18: ಹದಿಮೂರನೇ ದಿನ ಅದೇ ತೊಂದರೆ ಮತ್ತೆ ಕಾಣಿಸಿತು. ಎರಡನೇ ದೂರು ದಾಖಲಿಸಿದೆ.
ಜೂನ್ 21: ಬೇರೆ ಟೆಕ್ನಿಷಿಯನ್ ಬಂದು ನೋಡಿ, ಪಾರ್ಟ್ ನಾಲ್ಕು ದಿನದಲ್ಲಿ ಬರುತ್ತದೆ ಎಂದರು.
ಜೂನ್ 27 ಮತ್ತು ಜುಲೈ 1: ಟೆಕ್ನಿಷಿಯನ್ ಬರುತ್ತಾರೆ ಎಂದು ನಿಮ್ಮಿಂದ ಎಸ್ಸೆಮ್ಮೆಸ್ ಬಂತು. ಎರಡೂ ದಿನ ಯಾರೂ ಬರಲಿಲ್ಲ.

ಈ ಅವಧಿಯಲ್ಲಿ ನಾನು 14 ಸಲ ಕರೆ ಮಾಡಿದ್ದೇನೆ. ನಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿದ್ದಾರೆ. ಜೂನ್ 18ರಿಂದ ಅವರ ಔಷಧಿಯನ್ನು ಕೆಳಗಿನ ಮನೆಯ ಫ್ರಿಜ್‌ನಲ್ಲಿ ಇಡುತ್ತಿದ್ದೇವೆ.

ಜುಲೈ 14ರೊಳಗೆ ಎರಡೂ ಆಗದಿದ್ದರೆ 15ರಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ, ನಂತರ ಉಡುಪಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ."

ಇದರ ಕೆಳಗೆ ಬಿಲ್ ನಂಬರ್, ಮಾಡೆಲ್, ಸೀರಿಯಲ್ ನಂಬರ್, ಎರಡೂ ಕಂಪ್ಲೇಂಟ್ ನಂಬರ್, ರಿಜಿಸ್ಟರ್ ಆದ ಮೊಬೈಲ್ ನಂಬರ್. ಸೀರಿಯಲ್ ನಂಬರ್ ಸ್ಟಿಕ್ಕರ್ ಹೆಚ್ಚಾಗಿ ಫ್ರಿಜ್ಜಿನ ಒಳಗೋಡೆಯಲ್ಲೋ ಹಿಂಬದಿಯಲ್ಲೋ ಇರ್ತದೆ, ಫೋಟೋ ಹೊಡೆದು ಹಾಕಿ. ಇದು ಇಲ್ಲದಿದ್ರೆ ಮೊದಲ ಉತ್ತರ "ದಯವಿಟ್ಟು ವಿವರ ಕಳಿಸಿ" ಅಂತಲೇ ಬರೋದು, ಎರಡು ದಿನ ಸುಮ್ಮನೆ ಹೋಯ್ತು. ಫೋಟೋಗಳಿಗೆ "ಜೂನ್ 5 ಯುಪಿಐ", "ಜುಲೈ 1 ಎಸ್ಸೆಮ್ಮೆಸ್" ಅಂತ ತಾರೀಕಿನ ಹೆಸರೇ ಇಡಿ, ಓದುವವನಿಗೆ ಪತ್ರದ ಸಾಲಿಗೂ ಸಾಕ್ಷಿಗೂ ತಾಳೆ ಹಾಕ್ಲಿಕ್ಕೆ ಸುಲಭ.

ಕಳಿಸುವ ಮೊದಲು ಒಂದು ಸಲ ಜೋರಾಗಿ ಓದಿ

ಎರಡು ತಪ್ಪು ಇಲ್ಲಿ ಸಿಕ್ತವೆ. ಒಂದು, ಸಿಟ್ಟು ಎಲ್ಲಾದ್ರೂ ಉಳಿದಿದ್ರೆ ಓದುವಾಗ ಸ್ವರ ತನ್ನಿಂತಾನೇ ಏರ್ತದೆ. ಅಕ್ಕ "ಎರಡೂ ದಿನ ಯಾರೂ ಬರಲಿಲ್ಲ, ನಿಮಗೆ ನಾಚಿಕೆ ಆಗಬೇಕು" ಅಂತ ಸೇರಿಸಿದ್ರು, ಓದುವಾಗ ಅವರೇ ನಿಲ್ಲಿಸಿ ಕೊನೇ ತುಂಡು ತೆಗೆದ್ರು. ಇನ್ನೊಂದು ಇದರ ಉಲ್ಟಾ, ಮೆತ್ತಗಾಗೋದು. ಸಿಟ್ಟು ತೆಗೀಲಿಕ್ಕೆ ಹೋಗಿ "ತಮ್ಮಲ್ಲಿ ಕಳಕಳಿಯಿಂದ ಬೇಡಿಕೊಳ್ಳುತ್ತೇನೆ", "ತೊಂದರೆಗೆ ಕ್ಷಮೆ ಇರಲಿ" ಅಂತ ಶುರು ಮಾಡ್ತೇವೆ ನಮ್ಮ ಕಡೆಯವರು. ವಾರಂಟಿ ನೀವು ದುಡ್ಡು ಕೊಟ್ಟು ತಗೊಂಡದ್ದು, ಬೇಡೋದು ಎಂತಕ್ಕೆ? ಹಾಗೇ "ಹಣ ಪಡೆಯಲಾಗಿದೆ", "ವಿಳಂಬ ಉಂಟಾಗಿದೆ" ಅಂತ ಬರೆದ್ರೆ ಯಾರು ಪಡೆದದ್ದು ಯಾರು ತಡ ಮಾಡಿದ್ದು ಅಂತಲೇ ಮಾಯ ಆಗ್ತದೆ. ಟೆಕ್ನಿಷಿಯನ್ ಹಾಕಿಸಿಕೊಂಡರು, ಯಾರೂ ಬರಲಿಲ್ಲ, ಹೀಗೆ ಮಾಡಿದವರು ವಾಕ್ಯದಲ್ಲಿ ಕಾಣ್ಬೇಕು.

ಮೇಲ್ ಕಳಿಸಿದ ಮೇಲೆ ಕಾಲ್ ಬಂದ್ರೆ ಮಾತಾಡಿ, ಆದ್ರೆ ಅವರು ಫೋನಲ್ಲಿ ಹೇಳಿದ್ದನ್ನು ಅದೇ ಮೇಲ್‌ಗೆ ಉತ್ತರವಾಗಿ ಎರಡು ಸಾಲು ಬರೆದು ಹಾಕಿ: "ಇವತ್ತು ಮಧ್ಯಾಹ್ನ ಕಾಲ್ ಮಾಡಿ ಜುಲೈ 11ಕ್ಕೆ ಪಾರ್ಟ್ ಸಮೇತ ಬರುತ್ತೇವೆ ಎಂದಿರಿ." ಅಕ್ಕ ಇದನ್ನು ಜುಲೈ 8ಕ್ಕೆ ಹಾಕಿದ್ರು. 11ಕ್ಕೆ ಬಂದ್ರು, ಐಸ್ ಕರಗಿಸುವ ಹೀಟರ್ ಮತ್ತೆ ಅದರ ಸೆನ್ಸರ್ ಹೋಗಿತ್ತಂತೆ, ಎರಡೂ ಬದಲಾಯಿಸಿದ್ರು, ಗ್ಯಾಸ್ ಮುಟ್ಲೇ ಇಲ್ಲ. ಒಟಿಪಿ ಕೇಳಿದಾಗ ಅಕ್ಕ ನಾಳೆ ಬೆಳಿಗ್ಗೆ ಕಾಲ್ ಮಾಡಿ, ಫ್ರಿಜ್ ಒಂದು ರಾತ್ರಿ ಓಡ್ಲಿ ಅಂದ್ರು, ಅವರೂ ಒಪ್ಪಿದ್ರು. 12ಕ್ಕೆ ಇನ್ಸುಲಿನ್ ಡಬ್ಬಿ ಮೇಲಿನ ಮನೆಗೆ ವಾಪಸ್ ಹೋಯ್ತು.

ದುಡ್ಡು ಮಾತ್ರ ಗಡುವಿನೊಳಗೆ ಬರ್ಲಿಲ್ಲ. ಇಂಥ ಹೊತ್ತಲ್ಲಿ ಹೊಸ ಪತ್ರ ಬರೀಲಿಕ್ಕೆ ಹೋಗ್ಬೇಡಿ, ಹಳೇ ಮೇಲ್‌ಗೇ ಉತ್ತರ ಹಾಕಿ, ಆಗ ಹಿಂದಿನದ್ದೆಲ್ಲ ಕೆಳಗೆ ಇರ್ತದೆ. 15ಕ್ಕೆ ಬೆಳಿಗ್ಗೆ ಅಕ್ಕ 1915ಕ್ಕೆ ಕಾಲ್ ಮಾಡಿ ದೂರು ದಾಖಲಿಸಿ ಬರೆದದ್ದು ಇಷ್ಟೇ: "ರಿಪೇರಿ ಜುಲೈ 11ರಂದು ಆಗಿದೆ. ರೂ. 2,800 ಬಂದಿಲ್ಲ. ಹೇಳಿದಂತೆ ಇವತ್ತು ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇನೆ, ದೂರಿನ ನಂಬರ್ ಕೆಳಗಿದೆ." 19ನೇ ತಾರೀಕು ಸಂಜೆ ಹಣ ಬಂತು, ಟೆಕ್ನಿಷಿಯನ್ನಿನ ನಂಬರಿಂದ ಅಲ್ಲ, ಕಂಪನಿಯ ಅಕೌಂಟಿಂದ.